`line-height`: ಸಾಲಂತರವೋ, ಸಾಲೆತ್ತರವೋ?

ಪ್ರಶ್ನೆ

ವಿನ್ಯಾಸಕಾರರ ನೆರವಿಲ್ಲದೆ ತಾವೇ ಜಾಲತಾಣ ಕಟ್ಟುವವರಿಗಾಗಿ ಚಿಕ್ಕ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. `line-height`ಗೆ ರೂಢಿಯಂತೆ ‘ಸಾಲಂತರ’ ಎಂದು ಬಳಸಿದ್ದೇನೆ. ಕರಡು ಓದಿದ ಗೆಳತಿಯೊಬ್ಬರು ಅದನ್ನು ಎರಡು ಸಾಲುಗಳ ನಡುವಿನ ಖಾಲಿ ಜಾಗ ಎಂದುಕೊಂಡು, 18 ಪಿಕ್ಸೆಲ್ ಅಕ್ಷರಕ್ಕೆ ಹೀಗೆ ಕೊಟ್ಟರು:

```css
line-height: 12px;
```

ಸಾಲುಗಳು ಒಂದರ ಮೇಲೊಂದು ಏರಿಬಿಟ್ಟವು. ಈ ಅಳತೆ ಅಕ್ಷರವನ್ನೂ ಒಳಗೊಂಡ ಇಡೀ ಸಾಲಿನದು. ‘ಸಾಲೆತ್ತರ’ ಎಂದರೆ ಸರಿಹೋದೀತೇ?

ಉತ್ತರ 1

‘ಸಾಲಂತರ’ವೇ ಇರಲಿ, ಎಲ್ಲರಿಗೂ ಗೊತ್ತಿರುವ ಪದ. ಪಿಕ್ಸೆಲ್ ಬಿಟ್ಟು ಬರಿಯ ಸಂಖ್ಯೆ ಕೊಡಲು ಹೇಳಿ, ಗೊಂದಲವೇ ಇರುವುದಿಲ್ಲ. ಪತ್ರ ಟೈಪ್ ಮಾಡುವಾಗ 1.5 ಇಡುತ್ತೇವಲ್ಲ, ಇಲ್ಲೂ ಅದೇ 1.5.

ಉತ್ತರ 2

ನನ್ನ ತಾಣದಲ್ಲೂ ಓದಲು ಕಷ್ಟ ಎಂಬ ದೂರಿತ್ತು. ಬಿಳಿ ಹಿನ್ನೆಲೆಯ ಮೇಲೆ `#999` ಬೂದು ಅಕ್ಷರ ಇಟ್ಟಿದ್ದೆ, ನೋಡಲು ಶಾಂತವಾಗಿತ್ತು. `#333`ಕ್ಕೆ ಬದಲಿಸಿದ ಮೇಲೆ ದೂರು ನಿಂತಿತು. ನೀವೂ ಮೊದಲು ಬಣ್ಣ ನೋಡಿ.

ಉತ್ತರ 3

ಬಣ್ಣದ ಮಾತು ನಿಜ, ಆದರೆ ಇಲ್ಲಿ ಕೇಳಿದ್ದು ಅದಲ್ಲ.

ಬರಿಯ ಸಂಖ್ಯೆ ಕೊಡಬೇಕೆಂಬ ಸಲಹೆ ಒಳ್ಳೆಯದು. `body`ಗೆ `30px` ಎಂದು ಕಟ್ಟಿಹಾಕಿದರೆ 40 ಪಿಕ್ಸೆಲ್‌ನ ತಲೆಬರಹಕ್ಕೂ ಅದೇ 30 ಇಳಿದುಬರುತ್ತದೆ. ತಲೆಬರಹ ಎರಡು ಸಾಲಾದ ಕೂಡಲೇ ಅಕ್ಷರಗಳು ಒಂದಕ್ಕೊಂದು ತಾಗುತ್ತವೆ. 1.7 ಎಂದಷ್ಟೇ ಬರೆದರೆ ಆಯಾ ಅಕ್ಷರದ ಗಾತ್ರಕ್ಕೆ ಗುಣಿಸಿಕೊಳ್ಳುತ್ತದೆ. ಆದರೆ ಎರಡು ಕಡೆಯ 1.5 ಒಂದೇ ಅಲ್ಲ. ಪತ್ರ ಬರೆಯುವ ತಂತ್ರಾಂಶ ಸಾಮಾನ್ಯವಾಗಿ ಫಾಂಟಿನ ಸ್ವಂತ ಸಾಲಿನ ಎತ್ತರವನ್ನು ಗುಣಿಸುತ್ತದೆ, ಜಾಲಪುಟ ಫಾಂಟಿನ ಗಾತ್ರವನ್ನು. ಹಾಗಾಗಿ ಜಾಲಪುಟದ 1.5 ಇನ್ನೂ ಇಕ್ಕಟ್ಟು.

ಕನ್ನಡಕ್ಕೆ ಈ ಇಕ್ಕಟ್ಟು ತಡೆಯದು. ಮೇಲಿನ ಸಾಲಿನ ಒತ್ತಕ್ಷರ ಕೆಳಗಿಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲೇಳುತ್ತದೆ. ಪರೀಕ್ಷೆಗೆ ಒಂದು ಸಾಲಿನಲ್ಲಿ ‘ಶಾಸ್ತ್ರ ರಾಷ್ಟ್ರ ವಸ್ತ್ರ’, ಅದರ ಕೆಳಗೇ ‘ಕಿಡಿ ಗೀತೆ ಮಿಂಚು’ ಎಂದು ಬರೆದು ನೋಡಿ. ತಾಗದಿದ್ದರಷ್ಟೇ ಸಾಲದು, ಎರಡರ ನಡುವೆ ಬಿಳಿಯ ಪಟ್ಟಿಯೊಂದು ಅಡ್ಡಲಾಗಿ, ಎಲ್ಲೂ ಕಡಿಯದೆ ಕಾಣಬೇಕು. 18 ಪಿಕ್ಸೆಲ್‌ಗೆ ನಾನು 1.7ರಿಂದ ಶುರುಮಾಡುತ್ತೇನೆ, ಅಂದರೆ ಸಾಲಿಗೆ 30.6 ಪಿಕ್ಸೆಲ್. ಒತ್ತುಗಳನ್ನು ಆಳಕ್ಕೆ ಇಳಿಸುವ ಫಾಂಟಾದರೆ 1.8. ಫಾಂಟ್ ಬದಲಿಸಿದಾಗಲೆಲ್ಲ ಈ ಎರಡು ಸಾಲು ಮತ್ತೆ ನೋಡಲೇಬೇಕು.

ಪದದ ಬಗ್ಗೆ: ‘ಸಾಲಂತರ’ ಅಚ್ಚುಮೊಳೆಯ ಕಾಲಕ್ಕೆ ಒಪ್ಪುತ್ತಿತ್ತು. ಆಗ ಸಾಲುಗಳ ನಡುವೆ ಸೀಸದ ಪಟ್ಟಿಯನ್ನೇ ಇಡುತ್ತಿದ್ದರು. ಇಲ್ಲಿ ‘ಸಾಲೆತ್ತರ’ವೇ ಸರಿ.

ಉತ್ತರ 1 ಬರೆದವರಿಂದ

1.5ರ ವ್ಯತ್ಯಾಸ ಒಪ್ಪಿದೆ. ಆದರೆ ‘ಸಾಲೆತ್ತರ’ ಎಂದರೆ ಅಕ್ಷರವನ್ನೇ ದೊಡ್ಡದು ಮಾಡುವುದು ಎಂದುಕೊಳ್ಳುವವರೂ ಇರುತ್ತಾರೆ.

ಪ್ರಶ್ನೆ ಕೇಳಿದವರಿಂದ

ಆ ಅನುಮಾನ ನನಗೂ ಇದೆ. ಸದ್ಯಕ್ಕೆ ‘ಸಾಲಿನ ಎತ್ತರ’ ಎಂದು ಬಿಡಿಸಿ ಬರೆದು, ಪಕ್ಕದಲ್ಲೇ ಆ ಎರಡು ಸಾಲುಗಳ ಪರೀಕ್ಷೆ ಇಡುತ್ತೇನೆ. ಒಂದೇ ಪದವಾಗಿ ಬೇರೇನಾದರೂ ಹೊಳೆದರೆ ತಿಳಿಸಿ.