ದಿನಕ್ಕೆ ಒಂದು ಲೀಟರ್ ಹಾಲು, ಹಿಮೋಗ್ಲೋಬಿನ್ 8.4

"ಚಿಕ್ಕಮ್ಮ, ಪುಟ್ಟನಿಗೆ ಒಂದೂವರೆ ವರ್ಷ, ತೂಕ ಹತ್ತು ಕಿಲೋ, ನೋಡಲು ದುಂಡಗಿದ್ದಾನೆ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.4 ಬಂದಿದೆ. ಊಟ ಬೇಡ ಎನ್ನುತ್ತಾನೆ, ಹಾಲು ಮಾತ್ರ ದಿನಕ್ಕೆ ಒಂದು ಲೀಟರ್ ಕುಡಿಯುತ್ತಾನೆ. ಡಾಕ್ಟರು ಕಬ್ಬಿಣದ ಡ್ರಾಪ್ಸ್ ಕೊಟ್ಟು, ಹಾಲು ಕಡಿಮೆ ಮಾಡಿ ಎಂದರು. ಇರುವ ಒಂದು ಆಹಾರವನ್ನೂ ಬಿಡಿಸಿದರೆ ಹೇಗೆ?"

ನೋಡಮ್ಮ, ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಕೆಲಸ ಮಾಡುತ್ತಲೇ ಕೇಳಿಸಿಕೋ. ಡಾಕ್ಟರು ಹೇಳಿದ್ದು ಸರಿ. ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವಾಗ ಇಂಥ ಮಕ್ಕಳನ್ನು ಬಹಳ ನೋಡಿದ್ದೇನೆ. ಕೆನ್ನೆ ತುಂಬಿರುತ್ತದೆ, ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಕೆಂಪೇ ಇರುವುದಿಲ್ಲ. ಮೈ ಬಣ್ಣ ನೋಡಿ ರಕ್ತಹೀನತೆ ತಿಳಿಯುವುದಿಲ್ಲ. ಕಣ್ಣಿನ ಒಳಭಾಗ, ಅಂಗೈ, ಉಗುರು ನೋಡಬೇಕು.

ಲೆಕ್ಕ ಹಾಕೋಣ. ಈ ವಯಸ್ಸಿಗೆ ದಿನಕ್ಕೆ ಸುಮಾರು 7 ಮಿಲಿಗ್ರಾಂ ಕಬ್ಬಿಣ ಬೇಕು. ಒಂದು ಲೀಟರ್ ಹಸುವಿನ ಹಾಲಿನಲ್ಲಿ ಇರುವುದು ಅರ್ಧ ಮಿಲಿಗ್ರಾಂ, ಹೆಚ್ಚೆಂದರೆ. ಅದೇ ಹಾಲಿನಲ್ಲಿ 600 ಕ್ಯಾಲೊರಿಗಿಂತ ಹೆಚ್ಚು ಶಕ್ತಿ ಇದೆ. ಅವನಿಗೆ ಇಡೀ ದಿನಕ್ಕೆ ಬೇಕಾಗುವುದೇ 900ರಿಂದ 1000. ಹಸಿವಿನ ಮೂರರಲ್ಲಿ ಎರಡು ಪಾಲು ಬಾಟಲಿಯಲ್ಲೇ ತೀರಿಹೋಗುತ್ತದೆ, ಹಾಗಾಗಿ ತೂಕ ಏರುತ್ತದೆ, ಊಟ ಬೇಡವಾಗುತ್ತದೆ. ಊಟ ಮಾಡುವುದಿಲ್ಲವೆಂದು ನೀನು ಇನ್ನೊಂದು ಬಾಟಲಿ ಕೊಡುತ್ತೀಯ, ಬಾಟಲಿ ಕುಡಿದನೆಂದು ಅವನು ಊಟ ಬಿಡುತ್ತಾನೆ. ಅಷ್ಟೇ ಅಲ್ಲ, ಹಾಲಿನಲ್ಲಿರುವ ಕ್ಯಾಲ್ಸಿಯಂ ಮತ್ತು ಕೇಸಿನ್ ಎಂಬ ಪ್ರೋಟೀನು, ಜೊತೆಗೆ ತಿಂದ ಆಹಾರದ ಕಬ್ಬಿಣವನ್ನು ಕರುಳು ಹೀರಿಕೊಳ್ಳದಂತೆ ಅಡ್ಡಗಟ್ಟುತ್ತವೆ. ಕೆಲವು ಮಕ್ಕಳಲ್ಲಿ, ಅದರಲ್ಲೂ ವರ್ಷ ತುಂಬುವ ಮೊದಲೇ ಹಸುವಿನ ಹಾಲು ಶುರುಮಾಡಿದವರಲ್ಲಿ, ಕರುಳಿನಿಂದ ಕಣ್ಣಿಗೆ ಕಾಣದಷ್ಟು ರಕ್ತವೂ ಸೋರುತ್ತದೆ.

ಹಾಲನ್ನು ಪೂರ್ತಿ ಬಿಡಿಸಬೇಕಾಗಿಲ್ಲ. ದಿನಕ್ಕೆ 400ರಿಂದ 500 ಮಿಲಿ ಸಾಕು, ಅದೂ ಲೋಟದಲ್ಲಿ, ಊಟವಾದ ಬಹಳ ಹೊತ್ತಿನ ಮೇಲೆ. ಮೊದಲು ರಾತ್ರಿಯ ಬಾಟಲಿ ನಿಲ್ಲಿಸು. ಕೆಲವು ರಾತ್ರಿ ಅಳುತ್ತಾನೆ, ಮನೆಯವರೆಲ್ಲ ನಿನ್ನನ್ನೇ ಬೈಯುತ್ತಾರೆ. ಅತ್ತಿಗೆ, ಇದನ್ನು ನೀವೂ ಕೇಳಿಸಿಕೊಳ್ಳಿ: ಮಗು ಅಳುತ್ತದೆಂದು ಮಧ್ಯರಾತ್ರಿ ಹಾಲು ಕಾಯಿಸಿ ತರಬೇಡಿ, ನೀರು ಕೊಡಿ. ಬೆಳಿಗ್ಗೆ ಹಸಿದು ಎದ್ದವನಿಗೆ ಮೊದಲು ತಟ್ಟೆ ಸಿಗಲಿ.

ತಟ್ಟೆಯಲ್ಲಿ ಏನು? ನೀವು ತಿನ್ನುವವರಾದರೆ ಮಾಂಸ, ಮೀನು, ಕೋಳಿ. ಅವುಗಳಲ್ಲಿನ ಕಬ್ಬಿಣ ದೇಹಕ್ಕೆ ಸುಲಭವಾಗಿ ಸೇರುತ್ತದೆ, ಜೊತೆಗಿರುವ ಬೇಳೆಯ ಕಬ್ಬಿಣವನ್ನೂ ಎಳೆದುಕೊಳ್ಳುತ್ತದೆ. ಚೆನ್ನಾಗಿ ನುಣ್ಣಗೆ ಮಾಡಿ ಎರಡು ಚಮಚ ಕೊಟ್ಟರೂ ಉಪಯೋಗವಿದೆ. ತಿನ್ನದಿದ್ದರೆ ಬೇಳೆ, ಕಾಳುಗಳು, ಕಬ್ಬಿಣಾಂಶ ಸೇರಿಸಿದ ಧಾನ್ಯದ ಗಂಜಿ. ಇವುಗಳ ಕಬ್ಬಿಣವನ್ನು ದೇಹ ಸುಲಭಕ್ಕೆ ಹೀರಿಕೊಳ್ಳುವುದಿಲ್ಲ, ಆದ್ದರಿಂದ ಅದೇ ಊಟದಲ್ಲಿ ನಿಂಬೆರಸ, ಟೊಮೆಟೊ ಅಥವಾ ಕಿತ್ತಳೆ ಇರಲಿ. ಪಾಲಕ್ ಸೊಪ್ಪನ್ನೇ ನಂಬಿ ಕೂರಬೇಡ, ಅದರಲ್ಲಿರುವ ಕಬ್ಬಿಣ ದೇಹಕ್ಕೆ ಸಿಗುವುದು ಬಹಳ ಕಡಿಮೆ. ಚಹಾ ಒಂದು ಗುಟುಕೂ ಬೇಡ.

ಆದರೆ 8.4 ಇರುವಾಗ ಊಟದಿಂದ ಮಾತ್ರ ಮೇಲೇರುವುದಿಲ್ಲ. ಡ್ರಾಪ್ಸ್ ಬೇಕೇ ಬೇಕು. ಸಾಮಾನ್ಯವಾಗಿ ಕಿಲೋಗೆ 3 ಮಿಲಿಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ, ಅಂದರೆ ಅವನಿಗೆ ದಿನಕ್ಕೆ 30. ಸೀಸೆಯ ಮೇಲೆ 'ಎಲಿಮೆಂಟಲ್ ಐರನ್' ಎಂದು ಬರೆದಿರುವ ಅಂಕಿಯನ್ನೇ, ಅಂದರೆ ಔಷಧಿಯೊಳಗಿನ ಬರೀ ಕಬ್ಬಿಣದ ತೂಕವನ್ನೇ ನೋಡಬೇಕು, ಕಬ್ಬಿಣ ಸೇರಿರುವ ಲವಣದ ಒಟ್ಟು ತೂಕವನ್ನಲ್ಲ. ಮಿಲಿಗೆ 20 ಎಂದಿದ್ದರೆ ಒಂದೂವರೆ ಮಿಲಿ. ಚೀಟಿಯಲ್ಲಿ ಬೇರೆ ಪ್ರಮಾಣ ಇದ್ದರೆ ನೀನೇ ಬದಲಾಯಿಸಬೇಡ, ಡಾಕ್ಟರನ್ನು ಕೇಳು. ಊಟದ ನಡುವಿನ ಹೊತ್ತಿನಲ್ಲಿ, ಸ್ವಲ್ಪ ಕಿತ್ತಳೆ ರಸದ ಜೊತೆ ಕೊಡು. ಹಾಲಿನಲ್ಲಿ ಬೆರೆಸಿದರೆ ಅರ್ಧ ಶ್ರಮ ವ್ಯರ್ಥ. ಕೆನ್ನೆಯ ಒಳಭಾಗಕ್ಕೆ ಹಾಕಿ ನೀರು ಕುಡಿಸಿದರೆ ಹಲ್ಲಿಗೆ ಕಲೆ ಅಷ್ಟಾಗಿ ಹಿಡಿಯುವುದಿಲ್ಲ. ಮಲ ಕಪ್ಪಾದರೆ ಗಾಬರಿ ಬೇಡ. ಸೀಸೆಯನ್ನು ಮಾತ್ರ ಬೀಗದೊಳಗೆ ಇಡು; ಮಗು ಒಮ್ಮೆಗೆ ಹೆಚ್ಚು ಕುಡಿದರೆ ಪ್ರಾಣಕ್ಕೇ ಅಪಾಯ.

ನಾಲ್ಕು ವಾರದ ಮೇಲೆ ಮತ್ತೆ ಪರೀಕ್ಷೆ ಮಾಡಿಸು. ಹಿಮೋಗ್ಲೋಬಿನ್ ಕನಿಷ್ಠ ಒಂದು ಗ್ರಾಂ ಏರಿದ್ದರೆ ದಾರಿ ಸರಿ. ಸರಿಯಾಗಿ ಕೊಟ್ಟೂ ಏರದಿದ್ದರೆ ಥಲಸ್ಸೀಮಿಯಾ ಎಂಬ ಹುಟ್ಟಿನಿಂದ ಬರುವ ರಕ್ತದ ಕಾಯಿಲೆಯಂಥ ಬೇರೆ ಕಾರಣವಿದೆಯೇ ಎಂದು ನೋಡಬೇಕಾಗುತ್ತದೆ. 11 ದಾಟಿದ ಕೂಡಲೇ ನಿಲ್ಲಿಸಬೇಡ, ದೇಹದ ಉಗ್ರಾಣ ತುಂಬಲು ಇನ್ನೂ ಎರಡು ಮೂರು ತಿಂಗಳು ಬೇಕು. ಈ ನಡುವೆ ಉಸಿರು ಜೋರಾದರೆ, ತೂಕಡಿಸುತ್ತಲೇ ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗು. ಮಣ್ಣು, ಕಾಗದ ತಿನ್ನುತ್ತಾನೆಯೇ? ಅದನ್ನೂ ಡಾಕ್ಟರಿಗೆ ಹೇಳು. ಸೀಸೆಯ ಹಿಂಬದಿಯ ಫೋಟೊ ಇಲ್ಲಿಯೇ ಹಾಕು, ಅಂಕಿ ನಾನೂ ಒಮ್ಮೆ ನೋಡುತ್ತೇನೆ.