ಐಪಿಎಸ್‌ಪಿ ಒಂಟಿಯಾಗಿ ಸೊನ್ನೆ ತೋರಿಸಿದರೂ ಫೈರಿಂಗ್ ನಿಲ್ಲುವುದು ಹೇಗೆ?

ಎರಡನೇ ಸೆಮ್
ಕ್ಲಾಸ್‌ನಲ್ಲಿ ಒಂದು ಲೆಕ್ಕ ಕೊಟ್ಟಿದ್ದರು. ನ್ಯೂರಾನ್ −70 ಮಿಲಿವೋಲ್ಟ್‌ನಲ್ಲಿ ಇದೆ, ಫೈರ್ ಆಗಲು ದಾಟಬೇಕಾದ ಥ್ರೆಶೋಲ್ಡ್ −55. ಕೆರಳಿಸುವ ಎಕ್ಸೈಟೇಟರಿ ಸಿನಾಪ್ಸ್ ಒಂದೇ ಕೆಲಸ ಮಾಡಿದರೆ 20 ಏರುತ್ತದೆ, ಇದು ಇಪಿಎಸ್‌ಪಿ. ತಡೆಯುವ ಇನ್ಹಿಬಿಟರಿ ಒಂದೇ ಕೆಲಸ ಮಾಡಿದರೆ ಬದಲಾವಣೆ, ಅಂದರೆ ಐಪಿಎಸ್‌ಪಿ, 0. ಎರಡೂ ಒಟ್ಟಿಗೆ ಬಂದರೆ? ನಾನು 20 + 0 = 20, ಫೈರ್ ಆಗುತ್ತದೆ ಅಂತ ಬರೆದೆ. ತಪ್ಪು ಹಾಕಿದ್ದಾರೆ. ಯಾಕೆ ಅಂತ ಯಾರಾದರೂ ಹೇಳುತ್ತೀರಾ?

ಬಯಾಲಜಿ ಮೇಷ್ಟ್ರು
ಪ್ರಶ್ನೆಯೇ ಸರಿ ಇದ್ದಂತಿಲ್ಲ. ಐಪಿಎಸ್‌ಪಿ ಅಂದರೆ ವೋಲ್ಟೇಜ್ ಕೆಳಗೆ ಇಳಿಯಬೇಕು. ನ್ಯೂಜಿಲೆಂಡ್‌ನ ಡುನೆಡಿನ್‌ನಲ್ಲಿ 1951ರಲ್ಲಿ ನರವಿಜ್ಞಾನಿ ಎಕಲ್ಸ್ ಮತ್ತು ಜೊತೆಗಾರರು ಬೆಕ್ಕಿನ ಬೆನ್ನುಹುರಿಯ ಮೋಟಾರ್ ನ್ಯೂರಾನ್ ಒಳಗೆ ಎಲೆಕ್ಟ್ರೋಡ್ ಇಟ್ಟು ನೋಡಿದ್ದು ಅದನ್ನೇ. ಅಲ್ಲಿಯವರೆಗೆ ಸಿನಾಪ್ಸ್ ದಾಟುವುದು ಬರೀ ಕರೆಂಟ್ ಅಂತ ವಾದಿಸುತ್ತಿದ್ದವರು, ವೋಲ್ಟೇಜ್ ಕೆಳಗಿಳಿದದ್ದನ್ನು ಕಣ್ಣಾರೆ ಕಂಡು ಆ ವಾದ ಬಿಟ್ಟರು. ಇಪಿಎಸ್‌ಪಿ ಕೂಡಿಸು, ಐಪಿಎಸ್‌ಪಿ ಕಳೆ, ಉಳಿದದ್ದು ಥ್ರೆಶೋಲ್ಡ್ ದಾಟಿದರೆ ಫೈರ್. ಇಪ್ಪತ್ತು ವರ್ಷದಿಂದ ಹೀಗೇ ಪಾಠ ಮಾಡುತ್ತಿದ್ದೇನೆ. ಕೆಳಗೆ ಇಳಿಯದ ಐಪಿಎಸ್‌ಪಿ ಏನನ್ನು ಕಳೆಯುತ್ತದೆ?

ಸ್ಲೈಸ್ ರಿಗ್
ಸರ್, ಎಕಲ್ಸ್ ಕಂಡದ್ದು ನಿಜ. ಆದರೆ ಆ ಮೋಟಾರ್ ನ್ಯೂರಾನ್ −70ರ ಆಸುಪಾಸಿನಲ್ಲಿ ಕೂತಿತ್ತು, ಇನ್ಹಿಬಿಟರಿ ಸಿನಾಪ್ಸ್ ಎಳೆಯುವ ಜಾಗ −80ರ ಹತ್ತಿರ ಇತ್ತು. ಅದಕ್ಕೇ ಇಳಿತ ಕಾಣಿಸಿತು. ಎಳೆಯುವ ಜಾಗವೂ −70 ಆಗಿದ್ದರೆ ಏನೂ ಕಾಣಿಸುತ್ತಿರಲಿಲ್ಲ. ತಡೆ ಮಾತ್ರ ಇದ್ದೇ ಇರುತ್ತಿತ್ತು.

ಸಿನಾಪ್ಸ್ ಮಿಲಿವೋಲ್ಟ್ ತಂದು ಸುರಿಯುವುದಿಲ್ಲ. ಅದು ಪೊರೆಯಲ್ಲಿ ಬಾಗಿಲು ತೆರೆಯುತ್ತದೆ, ಅಷ್ಟೇ. ಪ್ರತಿ ಬಾಗಿಲೂ ವೋಲ್ಟೇಜನ್ನು ತನ್ನ ಕಡೆಗೆ ಎಳೆಯುತ್ತದೆ. ಎಕ್ಸೈಟೇಟರಿ ಬಾಗಿಲು 0 ಕಡೆಗೆ, ಇನ್ಹಿಬಿಟರಿ ಬಾಗಿಲು ಈ ಲೆಕ್ಕದಲ್ಲಿ −70 ಕಡೆಗೆ, ಯಾವಾಗಲೂ ಇರುವ ಸೋರಿಕೆ ಕೂಡ −70 ಕಡೆಗೆ. ಯಾವ ಬಾಗಿಲು ಎಷ್ಟು ಅಗಲ ಅನ್ನುವುದರ ಮೇಲೆ ವೋಲ್ಟೇಜ್ ನಿಲ್ಲುತ್ತದೆ. ಕೆಳಗೆ gL, gE, gI ಅಂದರೆ ಸೋರಿಕೆ, ಎಕ್ಸೈಟೇಟರಿ, ಇನ್ಹಿಬಿಟರಿ ಬಾಗಿಲುಗಳ ಅಗಲ; EL, EE, EI ಅಂದರೆ ಅವು ಎಳೆಯುವ ಜಾಗ.

```
V = (gL*EL + gE*EE + gI*EI) / (gL + gE + gI)
```

ಸೋರಿಕೆ 10 ನ್ಯಾನೋಸೀಮೆನ್ಸ್, ಎಕ್ಸೈಟೇಟರಿ 4 ಅಂತ ಇಟ್ಟುಕೊಳ್ಳಿ. −700 ಅನ್ನು 14ರಿಂದ ಭಾಗಿಸಿದರೆ −50. ಅಂದರೆ 20 ಏರಿತು, ಥ್ರೆಶೋಲ್ಡ್ ದಾಟಿತು. ಈಗ ಇನ್ಹಿಬಿಟರಿ ಬಾಗಿಲು ಮಾತ್ರ 10 ತೆರೆಯಿರಿ. −1400 ಭಾಗಿಸು 20, −70. ಏನೂ ಬದಲಾಗಲಿಲ್ಲ. ಎರಡನ್ನೂ ತೆರೆಯಿರಿ. −1400 ಭಾಗಿಸು 24, −58.3. ಏರಿದ್ದು 11.7 ಮಾತ್ರ, ಫೈರ್ ಆಗುವುದಿಲ್ಲ.

ಎಕ್ಸೈಟೇಟರಿ ಬಾಗಿಲಿಂದ ಒಳಗೆ ಬಂದ ಚಾರ್ಜ್ ಪಕ್ಕದ ತೆರೆದ ಬಾಗಿಲಿಂದ ಸೋರಿಹೋಯಿತು. ಇದಕ್ಕೆ ಷಂಟಿಂಗ್ ಅನ್ನುತ್ತೇವೆ.

ಕೊಡಪಾನ
ನಾನು ಎಂಜಿನಿಯರಿಂಗ್ ಕಡೆಯವಳು. ತೂತು ಕೊಡದ ಹಾಗೆ ಅಲ್ವಾ ಇದು? ಕೊಡ ಖಾಲಿ ಇದ್ದಾಗ ತೂತು ಇದ್ದರೂ ಬಿಟ್ಟರೂ ನೀರಿನ ಮಟ್ಟ ಒಂದೇ. ನೀರು ಸುರಿಯಲು ಶುರು ಮಾಡಿದಾಗಲೇ ತೂತಿನ ಕೆಲಸ ಗೊತ್ತಾಗುವುದು.

ಸ್ಲೈಸ್ ರಿಗ್
ಹೌದು, ಅದೇ. ಇನ್ನೊಂದು ವಿಷಯವೂ ಆ ಕೊಡದಲ್ಲೇ ಇದೆ. ತೂತು ದೊಡ್ಡದಾದಷ್ಟು ಸುರಿದ ನೀರು ಬೇಗ ಖಾಲಿ. ಕೆಪಾಸಿಟೆನ್ಸ್ 200 ಪೈಕೋಫ್ಯಾರಡ್ ಇರುವ ಕೋಶಕ್ಕೆ ಸೋರಿಕೆ 10 ಇದ್ದರೆ ಟೈಮ್ ಕಾನ್ಸ್ಟಂಟ್ 20 ಮಿಲಿಸೆಕೆಂಡ್. ಇನ್ಹಿಬಿಟರಿ ಇನ್ನೊಂದು 10 ಸೇರಿಸಿದರೆ ಅದು 10 ಮಿಲಿಸೆಕೆಂಡ್‌ಗೆ ಇಳಿಯುತ್ತದೆ.

ಈಗ 5 ಮಿಲಿವೋಲ್ಟ್‌ನ ಒಂದು ಇಪಿಎಸ್‌ಪಿ ಬಂತು, 10 ಮಿಲಿಸೆಕೆಂಡ್ ಬಿಟ್ಟು ಎರಡನೆಯದು ಬಂತು. ಮೊದಲ ಪರಿಸ್ಥಿತಿಯಲ್ಲಿ ಎರಡನೆಯದು ಬರುವ ಹೊತ್ತಿಗೆ ಹಳೆಯದರಲ್ಲಿ ಸುಮಾರು 3 ಉಳಿದಿರುತ್ತದೆ. ತೂತು ತೆರೆದಿದ್ದರೆ 1.8 ಮಾತ್ರ. ಒಂದರ ಬೆನ್ನಿಗೆ ಒಂದು ಬಂದು ಕೂಡಿಕೊಳ್ಳುವ ಅವಕಾಶವೇ ಕಿರಿದಾಯಿತು. ಟೆಂಪೊರಲ್ ಸಮ್ಮೇಶನ್ ಅಂತ ಓದುವಾಗ ಈ ಅಂತರ ಕೋಶದ ಸ್ಥಿರ ಗುಣ ಅಂದುಕೊಳ್ಳುತ್ತೇವೆ. ಆದರೆ ಆ ಕ್ಷಣದಲ್ಲಿ ಎಷ್ಟು ಬಾಗಿಲು ತೆರೆದಿವೆಯೋ ಅದರ ಮೇಲೆ ಅದು ಬದಲಾಗುತ್ತಲೇ ಇರುತ್ತದೆ.

ಪುತ್ತೂರಿನ ತೋಟ
ನಿಮ್ಮ ಲೆಕ್ಕ ನನಗೆ ಪೂರ್ತಿ ಅರ್ಥವಾಗಲಿಲ್ಲ. ಆದರೆ ನರ, ತಡೆ ಅಂದಾಗ ನಮ್ಮ ನಾಯಿ ನೆನಪಾಯಿತು. ಮೂರು ವರ್ಷದ ಹಿಂದೆ ಯಾರೋ ಇಟ್ಟ ವಿಷ ತಿಂದು ಬಂತು. ಮೈ ಬಿಲ್ಲಿನ ಹಾಗೆ ಸೆಟೆದುಕೊಂಡಿತು. ಬಾಗಿಲು ಸದ್ದಾದರೆ ಸಾಕು, ಮತ್ತೆ ಸೆಟೆತ. ಮುಟ್ಟಿದರೂ ಅದೇ. ಉಳಿಯಲಿಲ್ಲ. ಕಾಸರ್ಕದ ಬೀಜದ ವಿಷ ಇರಬಹುದು ಅಂದರು ಪಶುವೈದ್ಯರು. ನಿಮ್ಮ ಪ್ರಶ್ನೆಯೂ ವಿಷದ ಬಗ್ಗೆಯೇ ಅಂದುಕೊಂಡು ಓದಿದೆ. ತಪ್ಪಿದ್ದರೆ ಬಿಡಿ. ಸಣ್ಣ ಸದ್ದಿಗೆ ಅಷ್ಟು ದೊಡ್ಡ ಸೆಟೆತ ಯಾಕೆ ಅಂತ ಇವತ್ತಿಗೂ ಯೋಚನೆ ಬರುತ್ತದೆ.

ಸ್ಲೈಸ್ ರಿಗ್
ಓದಿ ಬೇಸರವಾಯಿತು. ಕೇಳಿದ್ದು ತಪ್ಪಲ್ಲ, ಈ ವಿಷಯದ ಒಳಗೇ ಇದೆ.

ಕಾಸರ್ಕದ ಬೀಜದಲ್ಲಿ ಸ್ಟ್ರಿಕ್ನಿನ್ ಇರುತ್ತದೆ. ಬೆನ್ನುಹುರಿಯಲ್ಲಿ ಇನ್ಹಿಬಿಟರಿ ಬಾಗಿಲುಗಳಲ್ಲಿ ಬಹಳಷ್ಟನ್ನು ತೆರೆಯುವುದು ಗ್ಲೈಸಿನ್. ಸ್ಟ್ರಿಕ್ನಿನ್ ಹೋಗಿ ಆ ಬಾಗಿಲಲ್ಲಿ ಕೂತು ಗ್ಲೈಸಿನ್‌ಗೆ ಜಾಗ ಕೊಡುವುದಿಲ್ಲ. ಅದು ಹೊಸದಾಗಿ ಏನನ್ನೂ ಕೆರಳಿಸುವುದಿಲ್ಲ. ತೂತನ್ನು ಮುಚ್ಚುತ್ತದೆ.

ಒಂದು ಮೋಟಾರ್ ನ್ಯೂರಾನ್ ಮೇಲೆ ಸಾವಿರಾರು ಸಿನಾಪ್ಸ್ ಇವೆ. ಸ್ನಾಯುವಿನಿಂದ ಬರುವ ಒಂದೇ ಒಂದು ನರದ ಎಳೆ ಎಬ್ಬಿಸುವ ಇಪಿಎಸ್‌ಪಿ ಮಿಲಿವೋಲ್ಟ್‌ನ ಹತ್ತನೇ ಒಂದು ಭಾಗದಷ್ಟು. ಒಂದರಿಂದ ಏನೂ ಆಗದು, ಬೇರೆ ಬೇರೆ ಜಾಗದಿಂದ ನೂರಾರು ಒಟ್ಟಿಗೆ ಬಂದು ಕೂಡಬೇಕು. ಸಾಮಾನ್ಯವಾಗಿ ಬಾಗಿಲು ಸದ್ದಾದಾಗ ಬರುವಷ್ಟು ಇಪಿಎಸ್‌ಪಿ ಆ ತೂತುಗಳಲ್ಲೇ ಕರಗಿಹೋಗುತ್ತದೆ. ತೂತು ಮುಚ್ಚಿದ ಮೇಲೆ ಅಷ್ಟೇ ಇಪಿಎಸ್‌ಪಿ ಥ್ರೆಶೋಲ್ಡ್ ದಾಟುತ್ತದೆ.

ಇನ್ನು ಸೆಟೆತ. ಮೊಣಕಾಲಿಗೆ ತಟ್ಟಿದಾಗ ತೊಡೆಯ ಮುಂದಿನ ಸ್ನಾಯು ಬಿಗಿಯುತ್ತದೆ. ಅದೇ ಎಳೆ ನಡುವೆ ಒಂದು ಸಣ್ಣ ನ್ಯೂರಾನ್ ಮೂಲಕ ಹಿಂದಿನ ಸ್ನಾಯುವಿನ ಮೋಟಾರ್ ನ್ಯೂರಾನ್ ಮೇಲೆ ಗ್ಲೈಸಿನ್ ಬಾಗಿಲು ತೆರೆಸುತ್ತದೆ, ಅದಕ್ಕೇ ಹಿಂದಿನದು ಸಡಿಲವಾಗುತ್ತದೆ. ಈ ತಡೆ ಹೋದರೆ ಎರಡೂ ಒಟ್ಟಿಗೆ ಬಿಗಿಯುತ್ತವೆ. ಬಲ ಜಾಸ್ತಿ ಇರುವ ಸ್ನಾಯುಗಳು ಗೆಲ್ಲುತ್ತವೆ, ಮೈ ಬಿಲ್ಲಾಗುತ್ತದೆ.

ಪುತ್ತೂರಿನ ತೋಟ
ಸದ್ದು ಆಗದಂತೆ ಕತ್ತಲೆ ಕೋಣೆಯಲ್ಲಿ ಇಡಿ ಅಂದಿದ್ದರು ವೈದ್ಯರು. ಈಗ ಅರ್ಥವಾಯಿತು. ಧನ್ಯವಾದ.

ಬಯಾಲಜಿ ಮೇಷ್ಟ್ರು
ಲೆಕ್ಕ ನಾನೂ ಮಾಡಿ ನೋಡಿದೆ. −58.3 ಸರಿ ಇದೆ. ಒಪ್ಪಿದೆ. ಆದರೆ ಹಾಗಾದರೆ ಎರಡು ಇಪಿಎಸ್‌ಪಿಗಳನ್ನೂ ಕೂಡಿಸುವ ಹಾಗಿಲ್ಲವಲ್ಲ? gE ಅನ್ನು 8 ಮಾಡಿದರೆ −38.9 ಬರುತ್ತದೆ. 40 ಏರಬೇಕಿತ್ತು, 31 ಮಾತ್ರ ಏರಿತು. ಪಠ್ಯದಲ್ಲಿ 2 + 2 = 4 ಅಂತ ಚಿತ್ರ ಇದೆ.

ಸ್ಲೈಸ್ ರಿಗ್
ಸರಿಯಾದ ಜಾಗಕ್ಕೆ ಬಂದಿರಿ ಸರ್. ವೋಲ್ಟೇಜ್ 0 ಕಡೆಗೆ ಹತ್ತಿರವಾದಷ್ಟು ಎಕ್ಸೈಟೇಟರಿ ಬಾಗಿಲಿನ ಎಳೆತ ಕಡಿಮೆಯಾಗುತ್ತದೆ. ಒಂದೇ ಡೆಂಡ್ರೈಟ್ ಕೊಂಬೆಯಲ್ಲಿ ಅಕ್ಕಪಕ್ಕದ ಎರಡು ಸಿನಾಪ್ಸ್ ಒಟ್ಟಿಗೆ ತೆರೆದರೆ ಒಂದರ ಪಾಲನ್ನು ಇನ್ನೊಂದು ಕಿತ್ತುಕೊಳ್ಳುತ್ತದೆ. ಬೇರೆ ಬೇರೆ ಕೊಂಬೆಯಲ್ಲಿದ್ದರೆ ಒಂದಕ್ಕೆ ಇನ್ನೊಂದು ಅಷ್ಟಾಗಿ ತಿಳಿಯುವುದಿಲ್ಲ. ಆಗ ಕೋಶದ ಒಡಲಲ್ಲಿ ನಿಮ್ಮ 2 + 2 ಹೆಚ್ಚುಕಡಿಮೆ 4 ಆಗುತ್ತದೆ. ಚಿತ್ರ ತಪ್ಪಲ್ಲ, ಸಣ್ಣ ಇಪಿಎಸ್‌ಪಿಗೆ ಮತ್ತು ದೂರದೂರದ ಸಿನಾಪ್ಸ್‌ಗೆ ಮಾತ್ರ ಹೊಂದುತ್ತದೆ.

ನನ್ನ ಲೆಕ್ಕಕ್ಕೂ ಮಿತಿ ಇದೆ. ಬಾಗಿಲುಗಳು ವೋಲ್ಟೇಜ್ ನೆಲೆಗೊಳ್ಳುವವರೆಗೆ ತೆರೆದೇ ಇವೆ ಅಂತ ಹಿಡಿದೆ. ನಿಜವಾಗಿ ಎಕ್ಸೈಟೇಟರಿ ಬಾಗಿಲು ಕೆಲವೇ ಮಿಲಿಸೆಕೆಂಡ್‌ನಲ್ಲಿ ಮುಚ್ಚುತ್ತದೆ, ಹಾಗಾಗಿ ಪೂರ್ತಿ ಎತ್ತರ ಮುಟ್ಟುವುದಿಲ್ಲ.

ಹಳೇ ಪಿಎಚ್‌ಡಿ
ನನ್ನ ಅನುಭವ ಒಂದು ಹೇಳುತ್ತೇನೆ, ಏಕೆಂದರೆ ಇದು ಲೆಕ್ಕದಲ್ಲಿ ಅಲ್ಲ, ರಿಗ್ ಮುಂದೆ ಕೂತಾಗ ಕೈಕೊಡುವ ವಿಷಯ. ಮಿದುಳಿನ ಸ್ಲೈಸ್‌ನಲ್ಲಿ ರೆಕಾರ್ಡ್ ಮಾಡುತ್ತಿದ್ದೆ. ಎರಡು ವಾರ ಕಾಲ ಒಂದೇ ಒಂದು ಐಪಿಎಸ್‌ಪಿ ಸಿಗಲಿಲ್ಲ, ಇಪಿಎಸ್‌ಪಿ ಮಾತ್ರ ರಾಶಿ ರಾಶಿ. ಆಮೇಲೆ ನೋಡಿದರೆ ಪಿಪೆಟ್‌ಗೆ ತುಂಬಿದ್ದ ದ್ರಾವಣದಲ್ಲಿ ಕ್ಲೋರೈಡ್ ತುಂಬಾ ಇತ್ತು. ಇನ್ಹಿಬಿಟರಿ ಬಾಗಿಲಿಂದ ಹೋಗಿಬರುವುದು ಆ ಕ್ಲೋರೈಡೇ. ಕೋಶದ ಒಳಗೆ 7 ಮಿಲಿಮೋಲಾರ್, ಹೊರಗೆ 130 ಇದ್ದರೆ ಕ್ಲೋರೈಡ್ ಎಳೆಯುವ ಜಾಗ −77ರ ಹತ್ತಿರ. ಒಳಗೂ 130ರ ಆಸುಪಾಸು ತುಂಬಿದರೆ ಅದು 0 ಹತ್ತಿರ ಬಂದುಬಿಡುತ್ತದೆ. ಐಪಿಎಸ್‌ಪಿಗಳೆಲ್ಲ ತಲೆಕೆಳಗಾಗಿ ಇಪಿಎಸ್‌ಪಿಯಂತೆ ಕಂಡವು.

ಗೊತ್ತಾದದ್ದು ಹೇಗೆ ಅಂದರೆ, ಬಿಕುಕುಲಿನ್ ಹಾಕಿದೆ. ಅದು ಗಾಬಾ ತೆರೆಯುವ ಇನ್ಹಿಬಿಟರಿ ಬಾಗಿಲನ್ನು ಮುಚ್ಚುತ್ತದೆ. ಅರ್ಧಕ್ಕರ್ಧ ‘ಇಪಿಎಸ್‌ಪಿ’ಗಳು ಮಾಯವಾದವು. ಎಕಲ್ಸ್ ಗುಂಪು 1955ರಲ್ಲೇ ಮೋಟಾರ್ ನ್ಯೂರಾನ್ ಒಳಗೆ ಬೇಕೆಂದೇ ಕ್ಲೋರೈಡ್ ಸೇರಿಸಿ ಐಪಿಎಸ್‌ಪಿಯನ್ನು ಹೀಗೆ ತಿರುಗಿಸಿ ತೋರಿಸಿತ್ತು. ಓದಿದ್ದೆ, ಆದರೂ ನನ್ನ ಪಿಪೆಟ್ ನೆನಪಾಗಲಿಲ್ಲ. ಅಂದಿನಿಂದ ಅಲೆ ಮೇಲಕ್ಕೋ ಕೆಳಕ್ಕೋ ಅಂತ ನೋಡಿ ಹೆಸರಿಡುವುದನ್ನು ಬಿಟ್ಟೆ.

ಎರಡನೇ ಸೆಮ್
ಹಾಗಾದರೆ ವೋಲ್ಟೇಜನ್ನು ಮೇಲಕ್ಕೆ ತಳ್ಳುವ ಸಿನಾಪ್ಸ್ ಕೂಡ ತಡೆಯಬಹುದಾ? ಅಥವಾ ಮೇಲಕ್ಕೆ ತಳ್ಳಿದರೆ ಅದು ಎಕ್ಸೈಟೇಟರಿಯೇ?

ಸ್ಲೈಸ್ ರಿಗ್
ತಡೆಯಬಹುದು. EI ಜಾಗದಲ್ಲಿ −65 ಹಾಕಿ ನೋಡಿ. ಒಂಟಿಯಾಗಿ ತೆರೆದರೆ −67.5, ಅಂದರೆ 2.5 ಮೇಲಕ್ಕೆ. ಎಕ್ಸೈಟೇಟರಿ ಜೊತೆ ತೆರೆದರೆ −56.25. ಥ್ರೆಶೋಲ್ಡ್‌ಗಿಂತ ಕೆಳಗೇ ನಿಂತಿತು. ಎಳೆಯುವ ಜಾಗ ಥ್ರೆಶೋಲ್ಡ್‌ಗಿಂತ ಕೆಳಗಿದ್ದು, ಬಾಗಿಲು ಸಾಕಷ್ಟು ಅಗಲ ಇದ್ದರೆ ಅದು ತಡೆಯೇ.

ಕೊಡಪಾನ
ಒಂದು ನಿಮಿಷ. ತೂತು ಮುಚ್ಚಿದ ಮೇಲೆ ಏನು? ಆ 2.5 ಮೇಲೆ ಹೋಗಿದೆಯಲ್ಲ, ಅದು ಇಳಿಯಲು 20 ಮಿಲಿಸೆಕೆಂಡ್ ಟೈಮ್ ಕಾನ್ಸ್ಟಂಟ್ ಇದೆ. ಬಾಗಿಲು ಮುಚ್ಚಿ, ವೋಲ್ಟೇಜ್ ಇನ್ನೂ ಇಳಿಯದೆ ಇರುವಾಗ ಇಪಿಎಸ್‌ಪಿ ಬಂದರೆ ಅದಕ್ಕೆ ಸಹಾಯವೇ ಆಗಬೇಕು. ನಾನು ಸರ್ಕ್ಯೂಟ್ ಥರ ಯೋಚಿಸುತ್ತಿದ್ದೇನೆ, ತಪ್ಪಿದ್ದರೆ ಹೇಳಿ.

ಹಳೇ ಪಿಎಚ್‌ಡಿ
ತಪ್ಪಿಲ್ಲ. ಒಂದೇ ಸಿನಾಪ್ಸ್ ಒಟ್ಟಿಗೆ ಬಂದ ಇಪಿಎಸ್‌ಪಿಯನ್ನು ತಡೆದು, ಸ್ವಲ್ಪ ತಡವಾಗಿ ಬಂದದ್ದಕ್ಕೆ ಕೈ ಕೊಟ್ಟು ಎತ್ತಬಹುದು. ಅದಕ್ಕೇ ‘−65 ಇದ್ದರೆ ತಡೆ’ ಅಂತ ಒಂದೇ ಮಾತಲ್ಲಿ ಹೇಳುವುದು ನನಗೆ ಒಪ್ಪಿಗೆಯಿಲ್ಲ. ಹೊತ್ತು ಹೇಳದೆ ಉತ್ತರ ಪೂರ್ತಿಯಾಗುವುದಿಲ್ಲ.

ಸ್ಲೈಸ್ ರಿಗ್
ಒಟ್ಟಿಗೆ ಬಂದಾಗ ಅನ್ನುವುದನ್ನು ನಾನು ಸೇರಿಸಬೇಕಿತ್ತು, ಸರಿ. ಆದರೆ ಬಾಗಿಲು ನಿರಂತರವಾಗಿ ತೆರೆದು ಮುಚ್ಚುತ್ತಲೇ ಇರುವ ಎಚ್ಚರದ ಮಿದುಳಿನಲ್ಲಿ ನೀವು ಹೇಳುವ ಆ ಖಾಲಿ ಹೊತ್ತು ಎಷ್ಟು ಸಿಗುತ್ತದೆ? ನನಗೆ ಅನುಮಾನವಿದೆ.

ಬಯಾಲಜಿ ಮೇಷ್ಟ್ರು
ಕೊನೆಯದಾಗಿ ಒಂದು. ಹೊತ್ತು ಆಯಿತು, ಜಾಗ? ತಡೆ ಒಡಲ ಹತ್ತಿರ ಇದ್ದರೆ ಜಾಸ್ತಿ ಪರಿಣಾಮ ಅಂತ ಹೇಳಿಕೊಡುತ್ತೇನೆ. ಅದಾದರೂ ಉಳಿಯುತ್ತದೆಯಾ?

ಹಳೇ ಪಿಎಚ್‌ಡಿ
ಅರ್ಧ ಉಳಿಯುತ್ತದೆ. ಇಪಿಎಸ್‌ಪಿ ಕೊಂಬೆಯ ತುದಿಯಿಂದ ಒಡಲಿಗೆ ಇಳಿಯುವ ದಾರಿಯಲ್ಲಿ ತೂತು ಇದ್ದರೆ ತಡೆ ಬಲವಾಗಿರುತ್ತದೆ. 1983ರಲ್ಲಿ ಕಾಕ್, ಪೊಜಿಯೋ, ಟೊರೆ ಲೆಕ್ಕ ಮಾಡಿ ತೋರಿಸಿದ್ದು ಇದನ್ನೇ. ಆದರೆ ಕೊಂಬೆಯೇ ತಾನಾಗಿ ಸ್ಪೈಕ್ ಎಬ್ಬಿಸುವಂಥದ್ದಾದರೆ, ಅದನ್ನು ಹುಟ್ಟುವ ಮೊದಲೇ ಅಡಗಿಸಬೇಕು. ಆಗ ಸಿನಾಪ್ಸ್‌ಗಳಿಗಿಂತ ಆಚೆ, ತುದಿ ಕಡೆ ಇಟ್ಟ ತಡೆಯೇ ಹೆಚ್ಚು ಕೆಲಸ ಮಾಡಬಹುದು ಅಂತ ಗಿಡೋನ್ ಮತ್ತು ಸೆಗೆವ್ 2012ರಲ್ಲಿ ತೋರಿಸಿದರು. ತಡೆಯಬೇಕಾದದ್ದು ದಾಟಿ ಬರುವ ಅಲೆಯನ್ನೋ, ಅಲೆ ಹುಟ್ಟುವುದನ್ನೋ ಅನ್ನುವುದನ್ನು ಮೊದಲು ಕೇಳಿ ಸರ್.

ಎರಡನೇ ಸೆಮ್
ಮೂರು ಅಂಕಿಗಳನ್ನೂ ನಾನೇ ಹಾಕಿ ನೋಡಿದೆ, ಬಂದವು. gI 10 ಬದಲು 2 ಇಟ್ಟರೆ −52.5 ಬರುತ್ತದೆ, ಫೈರ್ ಆಗುತ್ತದೆ. ಹಾಗಾದರೆ ಇನ್ಹಿಬಿಟರಿ ಬಾಗಿಲು ಎಷ್ಟು ಅಗಲ ಅಂತ ಕೊಡದೆ ಆ ಪ್ರಶ್ನೆಗೆ ಉತ್ತರವೇ ಇಲ್ಲ ಅಲ್ವಾ? ನಾಳೆ ಕ್ಲಾಸ್‌ನಲ್ಲಿ ಇದನ್ನೇ ಕೇಳುತ್ತೇನೆ.