ಶಾಲೆಯ ಪ್ರಾರ್ಥನೆ: ನಡುವಿನ ಒಂದು ಸಾಲು, ಕೊನೆಯ ‘ನಮೋಸ್ತುತೇ’ ಮಾತ್ರ ನೆನಪಿದೆ. ಯಾವ ಹಾಡು?

ಬೆಳಗಿನಗಂಟೆ:
ಅಮ್ಮ ಮಂಡ್ಯ ಕಡೆಯ ಪ್ರಾಥಮಿಕ ಶಾಲೆಯಲ್ಲಿ ಹಾಡುತ್ತಿದ್ದ ಪ್ರಾರ್ಥನೆಯನ್ನು ಹುಡುಕುತ್ತಿದ್ದೇನೆ. 1950ರ ದಶಕದ ಮೊದಲ ವರ್ಷಗಳ ಮಾತು. ಆರಂಭ ಅವರಿಗೆ ಮರೆತುಹೋಗಿದೆ. ನೆನಪಿರುವುದು ಇಷ್ಟು: “ಹಸ್ತಪಾದದಿಂದಲೂ ನಯನದಿಂದಲೂ”, ಕೊನೆಗೆ “ನಮೋಸ್ತು ನಮೋಸ್ತುತೇ”. ನಡುವೆ ಎಲ್ಲೋ “ವಿದ್ಯೆಯ ನೀಡು ಬುದ್ಧಿಯ ನೀಡು” ಎಂದೂ ಬರುತ್ತಿತ್ತಂತೆ. ‘ನಮೋಸ್ತುತೇ’ ಎಂದು ಹುಡುಕಿದರೆ ಮಹಾಲಕ್ಷ್ಮಿ ಅಷ್ಟಕವೇ ಮತ್ತೆ ಮತ್ತೆ ಬರುತ್ತದೆ. ರಾಗವನ್ನು ಗುನುಗಬಲ್ಲೆ, ಬರೆಯಲು ಬರುವುದಿಲ್ಲ.

ಹಳೆಚಿತ್ರಪ್ರಿಯ:
ಇದು ಸಿನಿಮಾ ಹಾಡು. ಬಿ.ಆರ್. ಪಂತುಲು ಅವರ ‘ಸ್ಕೂಲ್ ಮಾಸ್ಟರ್’, 1958. “ಸ್ವಾಮಿ ದೇವನೆ ಲೋಕಪಾಲನೆ”. ಆ ಚಿತ್ರಕ್ಕೆಂದೇ ಬರೆದದ್ದು, ಅಲ್ಲಿಂದ ಶಾಲೆಗಳಿಗೆ ಬಂತು.

ಬೆಳಗಿನಗಂಟೆ:
ಆದರೆ 1958ಕ್ಕೆ ಮೊದಲೇ ಅಮ್ಮ ಆ ಶಾಲೆಯನ್ನು ಬಿಟ್ಟಾಗಿತ್ತು.

ಲಯಗಾರ:
ಹಾಡು ಅದೇ, ಬಂದ ದಾರಿ ಮಾತ್ರ ಬೇರೆ. ಬರೆದವರು ಸೋಸಲೆ ಅಯ್ಯಾಶಾಸ್ತ್ರಿಗಳು. ಅವರು ತೀರಿಕೊಂಡದ್ದು 1934ರಲ್ಲಿ. ಶಾಲೆಗಳಲ್ಲಿ ಬಳಕೆಯಲ್ಲಿದ್ದ ಪ್ರಾರ್ಥನೆಯನ್ನು ಚಿತ್ರ ತೆಗೆದುಕೊಂಡಿತು. ಹಾಗಾಗಿ ಚಿತ್ರದ ಧಾಟಿಗೂ ನಿಮ್ಮ ಅಮ್ಮನ ಧಾಟಿಗೂ ಸ್ವಲ್ಪ ವ್ಯತ್ಯಾಸವಿದ್ದರೆ ಗಾಬರಿಯಾಗಬೇಡಿ.

ಹಾಡು ಇದೇ ಎಂದು ಖಚಿತಪಡಿಸಿಕೊಳ್ಳಲು ರಾಗ ಬೇಡ, ಚಪ್ಪಾಳೆ ಸಾಕು. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು ಎಣಿಸಿ. ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಸೊನ್ನೆ ಇರುವ ಅಕ್ಷರಕ್ಕೂ ಎರಡೇ. “ಸ್ವಾಮಿ” ಮೂರು, “ದೇವನೆ” ನಾಲ್ಕು, “ಲೋಕ” ಮೂರು, “ಪಾಲನೆ” ನಾಲ್ಕು, “ತೇ ನ” ಮೂರು, “ಮೋಸ್ತು ನ” ನಾಲ್ಕು, “ಮೋಸ್ತು” ಮೂರು, ಕೊನೆಯ “ತೇ” ಎರಡು. ಅಲ್ಲಿ ಎರಡು ಎಣಿಕೆಯಷ್ಟು ನಿಲ್ಲುತ್ತೇವೆ, ಮಕ್ಕಳು ಉಸಿರು ತೆಗೆದುಕೊಳ್ಳುವ ಜಾಗ. ಛಂದಸ್ಸಿನಲ್ಲಿ ಇದು ಮಲ್ಲಿಕಾಮಾಲೆ, ಸಾಲಿಗೆ ಹದಿನೆಂಟು ಅಕ್ಷರ.

ಈಗ ನಿಮ್ಮ ಸಾಲನ್ನು ಇದರ ಮೇಲೆ ಇಟ್ಟು ನೋಡಿ. “ಹಸ್ತ” ಮೂರು, ಸರಿ. ಮುಂದೆ ನಾಲ್ಕು ಬೇಕು, “ಪಾದ” ಎಂದರೆ ಮೂರೇ ಆಗುತ್ತದೆ. ಅಲ್ಲಿ ಒಂದು ಹ್ರಸ್ವ ಬಿದ್ದುಹೋಗಿದೆ. ಮೂಲದಲ್ಲಿರುವುದು “ದೇವದೇವನೆ ಹಸ್ತಪಾದಗಳಿಂದಲೂ ನಯನಂಗಳಿಂ”. “ಪಾದಗ” ನಾಲ್ಕು, “ಳಿಂದ” ಮೂರು, “ಲೂ ನಯ” ನಾಲ್ಕು, “ನಂಗ” ಮೂರು, “ಳಿಂ” ಎರಡು. ‘ನಯನಂಗಳಿಂ’ ಎಂಬುದು ಹಳಗನ್ನಡದ ರೂಪ, ಮಕ್ಕಳ ಬಾಯಲ್ಲಿ ‘ನಯನದಿಂದಲೂ’ ಆಗುವುದು ಸಹಜ. ನೀವು ತಪ್ಪು ರೂಪವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿದ್ದರೆ ಏನೂ ಸಿಗುವುದಿಲ್ಲ. ಗಟ್ಟಿಯಾಗಿ ನೆನಪಿರುವ ಎರಡು ಪದಗಳನ್ನಷ್ಟೇ ಹಾಕಿ. ‘ನಮೋಸ್ತು’, ‘ನಮೋಽಸ್ತು’ ಎರಡನ್ನೂ, ‘ಲೋಕಪಾಲನೆ’ಯನ್ನು ಕೂಡಿಸಿಯೂ ಬಿಡಿಸಿಯೂ, `swami devane` ಎಂದು ಇಂಗ್ಲಿಷ್ ಅಕ್ಷರದಲ್ಲಿಯೂ ಕೊಟ್ಟು ನೋಡಿ.

ತುಂಗಾತೀರ:
ಅಮ್ಮನ ರಾಗ “ಧರಣಿ ಮಂಡಲ ಮಧ್ಯದೊಳಗೆ” ಇದ್ದ ಹಾಗೆ ಇದೆಯೇ? ಹಾಗಿದ್ದರೆ ಈ ಪ್ರಾರ್ಥನೆಯೇ ಎಂದು ಕಣ್ಣುಮುಚ್ಚಿ ಹೇಳಬಹುದು. ನಮ್ಮ ಮೇಷ್ಟ್ರು ಎರಡನ್ನೂ ಒಂದೇ ರಾಗದಲ್ಲಿ ಹೇಳಿಕೊಡುತ್ತಿದ್ದರು.

ಲಯಗಾರ:
ಅಷ್ಟರಿಂದಲೇ ತೀರ್ಮಾನಿಸಲಾಗದು. ಗೋವಿನ ಹಾಡಿನದೂ ಮೂರು-ನಾಲ್ಕರ ನಡೆ, ಭಾಮಿನಿ ಷಟ್ಪದಿಯದೂ ಅದೇ. ಒಂದರ ರಾಗ ಇನ್ನೊಂದಕ್ಕೆ ಸುಲಭವಾಗಿ ಕೂರುತ್ತದೆ, ಮೇಷ್ಟ್ರುಗಳು ಹಾಗೆ ಕೂರಿಸುತ್ತಲೂ ಇದ್ದರು. ನಡೆ ಹೊಂದದಿದ್ದರೆ ಹಾಡು ಅದಲ್ಲ ಎನ್ನಬಹುದು. ಹೊಂದಿದರೆ ಅದೇ ಎನ್ನಲು ಪದಗಳೂ ಹೊಂದಬೇಕು.

ದಾವಣಗೆರೆಯವಳು:
ನನಗೂ ಸಹಾಯ ಮಾಡಿ. ನಮ್ಮ ಪ್ರೌಢಶಾಲೆಗೆ ಅದರದೇ ಆದ ಶಾಲಾಗೀತೆ ಇತ್ತು. ರಾಗ ಪೂರ್ತಿ ನೆನಪಿದೆ, ಶಾಲೆಯ ಹೆಸರು ಬಿಟ್ಟರೆ ಪದ ಒಂದೂ ಇಲ್ಲ. ಚಪ್ಪಾಳೆ ಎಣಿಸಿದರೆ ಅದೂ ಸಿಗುತ್ತದೆಯೇ?

ಲಯಗಾರ:
ಇಲ್ಲ ಮೇಡಂ. ಅಂಥ ಗೀತೆಯನ್ನು ಸಾಮಾನ್ಯವಾಗಿ ಆ ಶಾಲೆಯ ಶಿಕ್ಷಕರೊಬ್ಬರೇ ಬರೆದಿರುತ್ತಾರೆ, ಹೊರಗಿನ ಪುಸ್ತಕಕ್ಕೆ ಬಂದಿರುವುದಿಲ್ಲ. ವಾರ್ಷಿಕ ಸಂಚಿಕೆಯ ಮೊದಲ ಪುಟಗಳನ್ನೂ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಯನ್ನೂ ನೋಡಿ. ನಿಮ್ಮ ತರಗತಿಯವರಲ್ಲಿ ಪ್ರಾರ್ಥನೆಗೆ ಮುಂದೆ ನಿಂತು ಹಾಡುತ್ತಿದ್ದವರನ್ನು ಹುಡುಕಿ. ಸಾಲಿನಲ್ಲಿ ನಿಂತವರಿಗಿಂತ ಅವರಿಗೆ ಪದ ನೆನಪಿರುತ್ತದೆ.

ಬೆಳಗಿನಗಂಟೆ:
“ಸ್ವಾಮಿ ದೇವನೆ” ಎಂದು ನಾನು ಶುರುಮಾಡಿದ ಕೂಡಲೇ ಅಮ್ಮ “ಪ್ರೇಮದಿಂದಲಿ ನೋಡು ನಮ್ಮನು” ಎಂದು ಎರಡನೆಯ ಸಾಲನ್ನು ತಾವೇ ಹೇಳಿದರು. ಎಣಿಸಿದೆ, ಮೂರು-ನಾಲ್ಕು ಸರಿಯಾಗಿ ಬಂತು. ಆದರೆ “ವಿದ್ಯೆಯ ನೀಡು ಬುದ್ಧಿಯ ನೀಡು” ಎಲ್ಲಿಯೂ ಕೂರುತ್ತಿಲ್ಲ. ಇದೇ ಪ್ರಾರ್ಥನೆಯದು ಎಂದು ಅಮ್ಮ ಹಟ ಹಿಡಿದಿದ್ದಾರೆ.

ಹಳೆಚಿತ್ರಪ್ರಿಯ:
1934 ಎಂದಮೇಲೆ ನನ್ನ ಮಾತು ನಿಲ್ಲುವುದಿಲ್ಲ, ಒಪ್ಪಿದೆ. ಆ ಸಾಲು ಚಿತ್ರದ ಹಾಡಿನಲ್ಲಿಯೂ ಕೇಳಿದ ನೆನಪಿಲ್ಲ.

ಲಯಗಾರ:
“ವಿದ್ಯೆಯ” ನಾಲ್ಕು, “ನೀಡು” ಮೂರು. ನಡೆ ತಿರುಗುಮುರುಗಾಗಿದೆ. ಅದೇ ಬೆಳಿಗ್ಗೆ ಹಾಡುತ್ತಿದ್ದ ಇನ್ನೊಂದು ಪ್ರಾರ್ಥನೆಯದಿರಬಹುದು, ಮೇಷ್ಟ್ರು ಸೇರಿಸಿದ್ದೂ ಇರಬಹುದು. ಆ ಸಾಲಿನ ಹಿಂದೆ ಮುಂದೆ ಏನು ಬರುತ್ತಿತ್ತು ಎಂದು ಅಮ್ಮನನ್ನು ಕೇಳಿ, ಬೇರೆ ಪ್ರಶ್ನೆಯಾಗಿ ಹಾಕಿ. ಶೀರ್ಷಿಕೆಯಲ್ಲಿ ‘ನಾಲ್ಕು-ಮೂರರ ನಡೆ, ಮಂಡ್ಯ ಕಡೆ, 1950ರ ದಶಕ’ ಎಂದು ಬರೆಯಿರಿ.